ಕಳವಾ ಎಲ್ಲಿ ಕೂರಬೇಕು? ದ್ವಿಭಾಷಾ ಪುಸ್ತಕಕ್ಕೆ ಪದಸೂಚಿ ಮಾಡಿದ ಬಗೆ

ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಬಹಳ ಮಂದಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಅದಕ್ಕೇ ಇಲ್ಲಿನ ಕನ್ನಡಿಗರ ಕುರಿತ ಪುಸ್ತಕವೊಂದನ್ನು ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್ ಇಟ್ಟು ತಂದೆವು. ಅದರ ಪದಸೂಚಿಯ ಕೆಲಸ ನನ್ನದು. ಇಂಗ್ಲಿಷ್ ಪಟ್ಟಿಯನ್ನು ಯಾವ ಕಂಪ್ಯೂಟರ್ ಬೇಕಾದರೂ ಜೋಡಿಸಿ ಕೊಡುತ್ತದೆ. ಕನ್ನಡದ ಅಕಾರಾದಿ ಹಾಗಲ್ಲ, ಕಂಪ್ಯೂಟರಿಗೆ ಅದನ್ನು ನಾವೇ ಹೇಳಿಕೊಡಬೇಕಾಗುತ್ತದೆ.

ಎರಡು ಭಾಷೆಯ ನಮೂದುಗಳನ್ನು ಒಂದೇ ಸಾಲಿನಲ್ಲಿ ಜೋಡಿಯಾಗಿ ಇಟ್ಟರೆ ಚೆಂದ ಕಾಣುತ್ತದೆ ಎಂದು ಹಲವರಿಗೆ ಅನ್ನಿಸುತ್ತದೆ. ಆದರೆ ಒಂದು ಭಾಷೆಯ ಅಕಾರಾದಿ ಸರಿಯಿದ್ದರೆ ಇನ್ನೊಂದರದು ಕೆಡುತ್ತದೆ. ಲೋಕಲ್ ರೈಲಿನ ಏಳು ನಿಲ್ದಾಣಗಳನ್ನೇ ನೋಡಿ. ಎರಡು ಕಾಲಮ್ಮುಗಳೂ ಅವೇ ಊರುಗಳವು:

```
ಕರ್ಜತ್              Kalwa
ಕಲ್ಯಾಣ್             Kalyan
ಕಸಾರಾ              Kandivali
ಕಳವಾ               Kanjurmarg
ಕಾಂಜೂರ್‌ಮಾರ್ಗ್       Karjat
ಕಾಂದಿವಲಿ            Kasara
ಕುರ್ಲಾ              Kurla
```

ಎರಡನೆಯ ಮತ್ತು ಕೊನೆಯ ಸಾಲು ಬಿಟ್ಟರೆ ಎಲ್ಲೂ ಜೋಡಿ ಕೂಡುವುದಿಲ್ಲ. ಹಾಗಾಗಿ ನಾನು ಒಂದೇ ಕೋಷ್ಟಕದಿಂದ ಎರಡು ಬೇರೆ ಪಟ್ಟಿ ತೆಗೆಯುತ್ತೇನೆ. ಕೋಷ್ಟಕದಲ್ಲಿ ನಾಲ್ಕೇ ಕಾಲಮ್ಮು: ಕನ್ನಡ ಪದ, ಕನ್ನಡ ಪುಟಗಳು, ಇಂಗ್ಲಿಷ್ ಪದ, ಇಂಗ್ಲಿಷ್ ಪುಟಗಳು. ಕನ್ನಡ ಪಟ್ಟಿ ಕನ್ನಡದ ಕ್ರಮದಲ್ಲಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇಂಗ್ಲಿಷ್ ಹೆಸರು. ಇಂಗ್ಲಿಷ್ ಪಟ್ಟಿ ಅದರ ತಿರುವುಮುರುವು.

ಈಗ ಕನ್ನಡದ ಕ್ರಮ. ಯೂನಿಕೋಡಿನಲ್ಲಿ ಅಕ್ಷರಗಳಿಗೆ ಕೊಟ್ಟಿರುವ ಸಂಖ್ಯೆಯನ್ನೇ ಹಿಡಿದು ಜೋಡಿಸಿದರೆ ಮುಕ್ಕಾಲು ಪಾಲು ಸರಿಯೇ ಬರುತ್ತದೆ. ಅಪಾಯವೂ ಅಲ್ಲೇ ಇದೆ, ಏಕೆಂದರೆ ಉಳಿದ ಕಾಲು ಪಾಲು ಕಣ್ಣಿಗೆ ಬೀಳುವುದಿಲ್ಲ. ಅನುಸ್ವಾರದ ಸಂಖ್ಯೆ ಚಿಕ್ಕದು, ಆದ್ದರಿಂದ ‘ಕಾಂದಿವಲಿ’ಯಂಥವು ‘ಕಾಕ’ಕ್ಕಿಂತ ಮೊದಲು ಬರುತ್ತವೆ, ಅದು ಸರಿ. ಹಲಂತದ ಸಂಖ್ಯೆ ಸ್ವರಚಿಹ್ನೆಗಳಿಗಿಂತ ದೊಡ್ಡದು, ಆದ್ದರಿಂದ ಒತ್ತಕ್ಷರಗಳು ಔಕಾರದ ನಂತರ ಬರುತ್ತವೆ, ಅದೂ ಸರಿ. ಕೆಡುವುದು ಳಕಾರದಲ್ಲಿ. ನಮ್ಮ ವರ್ಣಮಾಲೆ ‘ಸ, ಹ, ಳ’ ಎಂದು ಮುಗಿಯುತ್ತದೆ, ನಿಘಂಟುಗಳಲ್ಲೂ ಹಾಗೆಯೇ. ಯೂನಿಕೋಡಿನಲ್ಲಿ ಮಾತ್ರ ಳ ಕೂತಿರುವುದು ಲ ಮತ್ತು ವ ನಡುವೆ. ಆಗ ‘ಕಳವಾ’ ‘ಕಸಾರಾ’ಕ್ಕಿಂತ ಮೇಲೆ ಹೋಗುತ್ತದೆ. ನಿಘಂಟು ನೋಡಿ ರೂಢಿಯಿರುವವರು ಹಕಾರದ ಕೆಳಗೆ ಹುಡುಕಿ, ಸಿಗದೆ, ಪುಸ್ತಕದಲ್ಲಿ ಆ ಊರೇ ಇಲ್ಲ ಎಂದುಕೊಳ್ಳುತ್ತಾರೆ.

ಎರಡನೆಯ ತೊಡಕು ಮುಂಬಯಿಗೇ ಹೆಚ್ಚು ಸಲ್ಲುವಂಥದ್ದು: ಕಲ್ಯಾಣ್, ದಾದರ್, ಮಲಾಡ್ ಹೀಗೆ ವ್ಯಂಜನದಲ್ಲಿ ಮುಗಿಯುವ ಹೆಸರುಗಳು. ಹಲಂತ ಕೊನೆಗೆ ಬರುವುದರಿಂದ ‘ಕಲ್ಯಾಣ’, ‘ಕಲ್ಯಾಣ ಕರ್ನಾಟಕ’, ‘ಕಲ್ಯಾಣಿ’ ಎಲ್ಲ ಆದ ಮೇಲೆ ‘ಕಲ್ಯಾಣ್’ ಬರುತ್ತದೆ. ಬಸವಣ್ಣನ ಕಲ್ಯಾಣಕ್ಕೂ ಸೆಂಟ್ರಲ್ ಲೈನಿನ ಕಲ್ಯಾಣ್‌ಗೂ ನಡುವೆ ಅರ್ಧ ಕಾಲಮ್ಮು ಅಂತರ! ಪದದ ಕೊನೆಯ ಹಲಂತವನ್ನು ಕ್ರಮಕ್ಕೆ ಲೆಕ್ಕಿಸಬಾರದು ಎಂಬುದು ನನ್ನ ನಿಲುವು. ಹಳೆಯ ನಿಘಂಟುಕಾರರಿಗೆ ಈ ಪ್ರಶ್ನೆ ಅಷ್ಟಾಗಿ ಎದುರಾಗಿರಲಾರದು, ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುತ್ತವಲ್ಲ.

ಮೂರನೆಯದು ಕಣ್ಣಿಗೆ ಕಾಣದ ಅಕ್ಷರಗಳು. ‘ಕಾಂಜೂರ್‌ಮಾರ್ಗ್’ ಎಂದು ಒತ್ತಕ್ಷರವಾಗದಂತೆ ಬಿಡಿಸಿ ಬರೆಯಲು ನಡುವೆ ಶೂನ್ಯ ಅಗಲದ ಚಿಹ್ನೆಯೊಂದನ್ನು ಹಾಕಿರುತ್ತೇವೆ. ಒಬ್ಬರು ಹಾಕಿ ಇನ್ನೊಬ್ಬರು ಬಿಟ್ಟರೆ ಒಂದೇ ಊರು ಎರಡು ನಮೂದಾಗುತ್ತದೆ. ‘ಜ಼’, ‘ಫ಼’ಗಳ ಕೆಳಗಿನ ಚುಕ್ಕೆಯೂ ಹೀಗೆಯೇ, ಪದವನ್ನು ಬೇರೆಡೆಗೆ ಎಳೆಯುತ್ತದೆ. ಇನ್ನು ‘ಕೋ’ ಎಂಬುದನ್ನು ಒಂದೇ ಸ್ವರಚಿಹ್ನೆಯಾಗಿಯೂ ಮೂರು ತುಂಡಾಗಿಯೂ ಉಳಿಸಬಹುದು. ಪರದೆಯ ಮೇಲೆ ಎರಡೂ ಒಂದೇ, ಜೋಡಣೆಯಲ್ಲಿ ಎರಡನೆಯದು ‘ಕೆ’ ಗುಂಪಿಗೆ ಜಾರುತ್ತದೆ.

ಇಷ್ಟನ್ನೂ ಸರಿಪಡಿಸಲು ನಾನು ಬಳಸುವ ಪೈಥಾನ್ ತುಣುಕು ಇದು:

```python
import re, unicodedata

ORDER = (" ಅಆಇಈಉಊಋಎಏಐಒಓಔ" + "\u0c82\u0c83"
  + "ಕಖಗಘಙಚಛಜಝಞಟಠಡಢಣತಥದಧನ"
  + "ಪಫಬಭಮಯರಱಲವಶಷಸಹಳೞ"
  + "".join(map(chr, range(0x0cbe, 0x0cce))))

def key(w):
    s = unicodedata.normalize("NFC", w)
    s = re.sub("[\u200c\u200d\u0cbc,.]", "", s)
    s = re.sub("\u0ccd(?= |$)", "", s)
    return ([ORDER.index(c) for c in s], w)

words.sort(key=key)
```

ವರ್ಣಮಾಲೆಯನ್ನು ನಾವೇ ಬರೆದುಕೊಟ್ಟಿರುವುದರಿಂದ ಳ ತನ್ನ ಜಾಗಕ್ಕೆ ಬರುತ್ತದೆ. ಮೊದಲ ಅಕ್ಷರವಾಗಿ ಖಾಲಿ ಜಾಗವಿದೆ, ಅಂದರೆ ಕ್ರಮ ಪದದಿಂದ ಪದಕ್ಕೆ. ಇಂಗ್ಲಿಷ್ ಪಟ್ಟಿಗೂ ಅದೇ ನಿಯಮ ಇಡಿ. ಪಟ್ಟಿಯಲ್ಲಿಲ್ಲದ ಅಕ್ಷರ ಸಿಕ್ಕರೆ ಪ್ರೋಗ್ರಾಮು ದೋಷ ತೋರಿಸಿ ನಿಲ್ಲುತ್ತದೆ. ಅದನ್ನು ನಾನು ಬೇಕೆಂದೇ ಹಾಗೆ ಬಿಟ್ಟಿದ್ದೇನೆ. ನಡುವೆ ನುಸುಳಿದ ಇಂಗ್ಲಿಷ್ ಅಕ್ಷರ, ಅಡ್ಡಗೆರೆ, ಹಳೆಯ ಫಾಂಟಿನ ತುಣುಕು ಎಲ್ಲ ಅಲ್ಲೇ ಸಿಕ್ಕಿಬೀಳುತ್ತವೆ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಹಸ್ತಪ್ರತಿಯಾದರೆ ಯೂನಿಕೋಡಿಗೆ ತಿರುಗಿಸದೆ ಜೋಡಿಸುವ ಮಾತೇ ಬೇಡ. ಅವುಗಳಲ್ಲಿ ಉಳಿಯುವುದು ಅಕ್ಷರವಲ್ಲ, ಅದರ ಆಕಾರ. ಅರ್ಕಾವೊತ್ತು ಕಾಣುವ ಜಾಗದಲ್ಲೇ ಇರುತ್ತದೆ, ಆದ್ದರಿಂದ ‘ಕರ್ಜತ್’ ‘ಕಜ’ ಎಂಬಂತೆ ಜೋಡಣೆಯಾಗುತ್ತದೆ. ಕರಡು ತಿದ್ದುವವರ ಕಣ್ಣಿಗೂ ಇದೇ ಭ್ರಮೆ. ಸರಿಯಿದ್ದದ್ದನ್ನು ಜಕಾರಕ್ಕೆ ಸರಿಸಿಬಿಡುತ್ತಾರೆ. ಇಲ್ಲಿನ ಡಿಟಿಪಿ ಅಂಗಡಿಗಳಲ್ಲಿ ಮರಾಠಿ ಕೆಲಸವೇ ಹೆಚ್ಚು, ಅವರು ಕಲಿತ ವರ್ಣಮಾಲೆ ಕ್ಷ, ಜ್ಞಗಳಲ್ಲಿ ಮುಗಿಯುತ್ತದೆ. ಕ್ಷ ಕಕಾರದ ಕೊನೆಗೆ, ಜ್ಞ ಜಕಾರದ ಕೊನೆಗೆ, ಕೈ ಹಚ್ಚಬೇಡಿ ಎಂದು ಪಟ್ಟಿಯ ಮೇಲೆಯೇ ಬರೆದು ಕೊಡುವುದು ಒಳ್ಳೆಯದು.

ಪುಟಸಂಖ್ಯೆ ಹುಡುಕುವಾಗ ವಿಭಕ್ತಿ ಪ್ರತ್ಯಯಗಳು ಕಾಡುತ್ತವೆ. ಇಂಗ್ಲಿಷಿನಲ್ಲಿ ಹೆಸರು ಹಾಕಿ ಹುಡುಕಿದರೆ ಆಯಿತು. ಕನ್ನಡದಲ್ಲಿ ಮಾಟುಂಗಾ, ಮಾಟುಂಗದ, ಮಾಟುಂಗಕ್ಕೆ ಎಂದೆಲ್ಲ ಇರುವುದರಿಂದ ‘ಮಾಟುಂಗ’ ಎಂಬ ಬುಡವನ್ನು ಹುಡುಕುತ್ತೇನೆ. ಬುಡ ತೀರಾ ಚಿಕ್ಕದಾದರೆ ಕಷ್ಟ: ‘ಮುಂಬ’ ಎಂದು ಹಾಕಿದರೆ ‘ಮುಂಬರುವ’, ‘ಮುಂಬಾಗಿಲು’ ಬರುತ್ತವೆ, ಖಾರ್ ನಿಲ್ದಾಣಕ್ಕೆಂದು ‘ಖಾರ’ ಹಾಕಿದರೆ ಖಾನಾವಳಿಯ ಅಧ್ಯಾಯವೆಲ್ಲ ಬರುತ್ತದೆ. ಇಂಥವನ್ನು ಕಣ್ಣಲ್ಲೇ ನೋಡಿ ತೆಗೆಯಬೇಕು, ಬೇರೆ ದಾರಿಯಿಲ್ಲ.

‘ನೋಡಿ’ ಎಂಬ ಅಡ್ಡ ಸೂಚನೆಗಳನ್ನು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹಾಗೆಯೇ ಇಳಿಸಬೇಡಿ. ಮರಾಠಿಯ ‘ಶೀವ್’ ನಮ್ಮವರ ಬಾಯಲ್ಲಿ ‘ಸಾಯನ್’. ಕನ್ನಡ ಪಟ್ಟಿಯಲ್ಲಿ ಎರಡೂ ಬೇಕು, ಒಂದರಿಂದ ಇನ್ನೊಂದಕ್ಕೆ ಸೂಚನೆಯೂ ಬೇಕು. ಇಂಗ್ಲಿಷ್ ಪಠ್ಯದಲ್ಲಿ ಒಂದೇ ಹೆಸರಿದ್ದರೆ ಅಲ್ಲಿ ಅದು ಬೇಡ. ಶೆಟ್ಟಿಯವರ ಕಥೆ ಇದಕ್ಕೆ ತಿರುಗು: ಕನ್ನಡದಲ್ಲಿ ಒಂದೇ ಶೆಟ್ಟಿ, ಇಂಗ್ಲಿಷಿನಲ್ಲಿ ಅವರವರು ಬರೆದುಕೊಳ್ಳುವ ಕಾಗುಣಿತದಂತೆ ಎರಡು ಮೂರು ಕಡೆ. ವ್ಯಕ್ತಿಯ ಕಾಗುಣಿತವನ್ನು ಮುಟ್ಟದೆ, ಆ ಗುಂಪುಗಳ ನಡುವೆ ಸೂಚನೆ ಕೊಟ್ಟರೆ ಸಾಕು.

ಪುಟಗಳು ಅಂತಿಮವಾಗುವ ಮುನ್ನ ಸಂಖ್ಯೆ ತುಂಬಬೇಡಿ. ತುಂಬಿದ ಮೇಲೆ ಈ ಬಗೆಯ ಪುಸ್ತಕಕ್ಕೆ ಸುಲಭದ ಪರೀಕ್ಷೆಯೊಂದಿದೆ. ಎಡಪುಟಗಳೆಲ್ಲ ಸಮಸಂಖ್ಯೆ, ಬಲಪುಟಗಳೆಲ್ಲ ಬೆಸಸಂಖ್ಯೆ. ಕನ್ನಡ ಪಟ್ಟಿಯಲ್ಲಿ 43 ಅಥವಾ ಇಂಗ್ಲಿಷ್ ಪಟ್ಟಿಯಲ್ಲಿ 42 ಕಂಡರೆ ಆ ನಮೂದು ತಪ್ಪು, ಇಲ್ಲವೇ ಅಲ್ಲೊಂದು ಚಿತ್ರಪುಟ ಬಂದು ಸಾಲು ಮುರಿದಿದೆ. ಎರಡರಲ್ಲಿ ಯಾವುದು ಎಂಬುದನ್ನು ಆ ಪುಟ ತೆರೆದೇ ನೋಡಿ.