ಹತ್ತನಾವಧಿಗೇ ಬಂದ ಮಳೆ, ಒಲೆಯ ಮೇಲೆ ನಾಲ್ಕು ಬದನೆ

ನಮ್ಮ ಮನೆಯ ಬದನೆಗೆ ಹೆಸರಿಲ್ಲ. ಪಕ್ಕದ ಮನೆಯವರು ‘ನಿಮ್ಮ ಬದನೆ’ ಎನ್ನುತ್ತಾರೆ, ನಾವು ‘ಮನೆ ಬದನೆ’ ಎನ್ನುತ್ತೇವೆ. ಗೇಣುದ್ದದ ಕಾಯಿ, ತಿಳಿ ಹಸಿರು, ತೊಟ್ಟಿನಲ್ಲಿ ಮುಳ್ಳು, ತೆಳು ಸಿಪ್ಪೆ. ನಮ್ಮದೇ ಉಡುಪಿ ಜಿಲ್ಲೆಯ ಮಟ್ಟುಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅದಕ್ಕೆ ವಾದಿರಾಜರ ಕಥೆಯಿದೆ, ಬೆಳೆಯುವ ಒಂದು ಊರೇ ಇದೆ. ನಮ್ಮದಕ್ಕೆ ಇದ್ದದ್ದು ಅಮ್ಮ ಮತ್ತು ಒಲೆಬೂದಿಯಲ್ಲಿ ಬೀಜ ಹೂತಿಡುವ ಅವಳ ಭರಣಿ.

ಆ ಭರಣಿಯ ಬಾಯಿಬಟ್ಟೆ ಯಾವಾಗಲೋ ಸಡಿಲಾಗಿತ್ತು. 2024ರ ಮಳೆಗಾಲ ಕಳೆದು ತೆಗೆದು ನೋಡಿದರೆ ಬೂದಿ ಗಟ್ಟಿಯಾಗಿ ಉಂಡೆ ಕಟ್ಟಿತ್ತು. ಬದನೆ ಬೀಜ ಒಣಗಿದ್ದರೆ ನಾಲ್ಕೈದು ವರ್ಷ ಜೀವ ಹಿಡಿದಿರುತ್ತದೆ, ಆದರೆ ಕರಾವಳಿಯ ತೇವ ಹೊಕ್ಕರೆ ಒಂದೇ ಮಳೆಗಾಲ ಸಾಕು. ಇದ್ದಬದ್ದ ಬೀಜವನ್ನೆಲ್ಲ ಮಡಿಗೆ ಹಾಕಿದೆ. ಎದ್ದದ್ದು ನಾಲ್ಕು ಸಸಿ. ಹಿಂದೆ ನಮ್ಮಿಂದ ಬೀಜ ಒಯ್ದ ಮೂರು ಮನೆಗಳಲ್ಲಿ ಕೇಳಿದೆ. ಇಬ್ಬರು ಬದನೆ ಬೆಳೆಯುವುದನ್ನೇ ಬಿಟ್ಟಿದ್ದರು, ಒಬ್ಬರು ಹೈಬ್ರಿಡ್ ಹಾಕಿದ್ದರು. ಹಾಗಾಗಿ ಆ ನಾಲ್ಕು ಗಿಡವೇ ಕೊನೆ.

ಮಾರ್ಚಿಯಲ್ಲಿ ಅದರಲ್ಲೂ ಒಂದು ಬಾಡಿತು. ಬೆಳಿಗ್ಗೆ ನೆಟ್ಟಗಿದ್ದ ಗಿಡ ಮಧ್ಯಾಹ್ನಕ್ಕೆ ಜೋಲು ಬಿತ್ತು, ಎಲೆ ಮಾತ್ರ ಹಸಿರಾಗಿಯೇ ಇತ್ತು. ನೀರಿನ ಕೊರತೆಯಾಗಿದ್ದರೆ ಸಂಜೆ ನೀರು ಬಿಟ್ಟ ಮೇಲೆ ಚೇತರಿಸಿಕೊಳ್ಳಬೇಕಿತ್ತು. ಮಾರನೆಯ ದಿನ ಬುಡ ಕೊಯ್ದು, ಕಾಂಡದ ತುಂಡನ್ನು ಗಾಜಿನ ಲೋಟದ ನೀರಿನಲ್ಲಿ ತೂಗಿ ಹಿಡಿದೆ. ಒಂದೆರಡು ನಿಮಿಷದಲ್ಲಿ ಕೊಯ್ದ ಜಾಗದಿಂದ ಅಗರಬತ್ತಿಯ ಹೊಗೆಯ ಹಾಗೆ ಬಿಳಿ ಎಳೆ ಕೆಳಗಿಳಿಯತೊಡಗಿತು. ದುಂಡಾಣು ಸೊರಗು ರೋಗ. ನಮ್ಮ ಹುಳಿಮಣ್ಣಿನಲ್ಲಿ ಅದು ಒಮ್ಮೆ ನೆಲೆಯಾದರೆ ಔಷಧಿಯಿಂದ ಹೋಗುವುದಿಲ್ಲ. ಗಿಡವನ್ನು ಬೇರುಸಹಿತ ಕಿತ್ತು ಸುಟ್ಟೆ. ಉಳಿದ ಮೂರಕ್ಕೆ ಅದೇ ಕಣಿಯಿಂದ ನೀರು ಹರಿಯುತ್ತಿತ್ತು. ಅದನ್ನು ಮುಚ್ಚಿ ಕೊಡದಲ್ಲಿ ಹೊತ್ತು ಹಾಕಿದೆ.

ಮೂರು ಗಿಡದಲ್ಲೂ ಕಾಯಿ ಇತ್ತು, ಅವನ್ನೇ ಬೀಜಕ್ಕೆಂದು ಹಣ್ಣಾಗಲು ಬಿಡಬಹುದಿತ್ತಲ್ಲ ಎನ್ನಬಹುದು. ಬಿಡಲಿಲ್ಲ. ಇಪ್ಪತ್ತು ಮಾರು ದೂರದಲ್ಲಿ ಪಕ್ಕದವರ ನೇರಳೆ ಹೈಬ್ರಿಡ್ ಬದನೆ ಇತ್ತು. ಬದನೆ ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ನಿಜ. ಆದರೆ ನಮ್ಮಲ್ಲಿ ಕಪ್ಪು ಬಡಗಿ ದುಂಬಿಗಳ ಕಾಟ. ಹೂವಿಗೆ ಜೋತು ಬಿದ್ದು ಝುಂಯ್ ಎಂದು ಅದುರಿಸಿ ಪರಾಗ ಉದುರಿಸಿಕೊಂಡು, ಮುಂದಿನ ಗಿಡಕ್ಕೆ ಹಾರುತ್ತವೆ. ಪ್ರಮಾಣಿತ ಬೀಜ ಬೆಳೆಯುವವರು ಎರಡು ತಳಿಗಳ ನಡುವೆ ನೂರು ಮೀಟರ್ ಬಿಡಬೇಕೆಂಬ ನಿಯಮವಿದೆ. ನೂರು ಮೀಟರ್ ಬಿಟ್ಟರೆ ನಾನು ರಸ್ತೆಯಾಚೆ ಬೇರೆಯವರ ಗದ್ದೆಯಲ್ಲಿರುತ್ತೇನೆ. ಹಾಗಾಗಿ ಹೂವಿಗೇ ಚೀಲ ಕಟ್ಟುವುದೆಂದು ತೀರ್ಮಾನಿಸಿದೆ.

ಹಳೆಯ ಮಲ್ ಪಂಚೆ ಹರಿದು ಬೆರಳುದ್ದದ ಚೀಲ ಹೊಲಿದು, ನಾಳೆ ಅರಳುವಂತಿದ್ದ ಮೊಗ್ಗುಗಳಿಗೆ ಕಟ್ಟಿದೆ. ಅಮ್ಮ ಜಗಲಿಯಿಂದಲೇ ನೋಡಿ, “ಎಂತ ಮಾರಾಯ, ಹೂವಿಗೂ ಅಂಗಿ ಹೊಲಿಸಿದ್ದಾ?” ಎಂದಳು. ಹನ್ನೊಂದು ಮೊಗ್ಗಿಗೆ ಕಟ್ಟಿದ್ದೆ. ವಾರದಲ್ಲಿ ಹನ್ನೊಂದೂ ಉದುರಿದವು.

ತಪ್ಪು ಎರಡಾಗಿತ್ತು. ಒಂದು, ಬದನೆಯ ಎಲ್ಲ ಹೂವೂ ಕಾಯಿ ಕಟ್ಟುವುದಿಲ್ಲ. ನಡುವೆ ಹಳದಿ ಕೇಸರಗಳ ಗೊಂಚಲು ಇರುತ್ತದಲ್ಲ, ಅದರ ತುದಿಯಿಂದ ಹಸಿರು ಶಲಾಕೆ ಹೊರಗೆ ಇಣುಕಿದ್ದರೆ ಅಥವಾ ಕನಿಷ್ಠ ತುದಿಗೆ ಸಮನಾಗಿದ್ದರೆ ಕಾಯಿ ನಿಲ್ಲುತ್ತದೆ. ಶಲಾಕೆ ಗೊಂಚಲೊಳಗೇ ಹುದುಗಿದ್ದರೆ ಅದು ಉದುರುವ ಹೂವು. ಮೊಗ್ಗಿನಲ್ಲಿ ಇದು ಕಾಣುವುದಿಲ್ಲ, ಆದರೆ ದಪ್ಪ ತೊಟ್ಟಿನ, ಒಂಟಿಯಾಗಿ ಅಥವಾ ಗೊಂಚಲ ಬುಡದಲ್ಲಿರುವ ಮೊಗ್ಗು ಹೆಚ್ಚಾಗಿ ಒಳ್ಳೆಯದೇ ಇರುತ್ತದೆ. ನಾನು ಕೈಗೆಟುಕಿದ್ದಕ್ಕೆಲ್ಲ ಕಟ್ಟಿದ್ದೆ. ಎರಡನೆಯದು, ಚೀಲದೊಳಗೆ ದುಂಬಿ ಬರುವುದಿಲ್ಲ, ಗಾಳಿಯೂ ಅಷ್ಟಾಗಿ ಅಲುಗಿಸುವುದಿಲ್ಲ. ದುಂಬಿಯ ಕೆಲಸ ನಾನೇ ಮಾಡಬೇಕಿತ್ತು.

ಎರಡನೆಯ ಸಲ ಏಪ್ರಿಲ್ ಮೊದಲ ವಾರ. ದಿನಾ ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಇಬ್ಬನಿ ಆರಿದ ಮೇಲೆ, ಚೀಲದ ಹೊರಗಿನಿಂದಲೇ ಹೂವಿಗೆ ಬೆರಳಿನಿಂದ ನಾಲ್ಕೈದು ಸಲ ಟಕ್ ಟಕ್ ಎಂದು ಚಿಟುಕು ಕೊಟ್ಟೆ. ಎಸಳು ಒಣಗಿ ಒಳಗೆ ಮಿಡಿ ಕಂಡ ಮೇಲೆ ಚೀಲ ಬಿಚ್ಚಿ ತೊಟ್ಟಿಗೆ ಕೆಂಪು ನೂಲು ಕಟ್ಟಿದೆ. ಆರು ಕಾಯಿ ನಿಂತವು. ಗಿಡದ ಬಲವೆಲ್ಲ ಈ ಆರಕ್ಕೇ ಹೋಗಲೆಂದು ನೂಲಿಲ್ಲದ ಕಾಯಿಗಳನ್ನೆಲ್ಲ ಕೊಯ್ದು ಹುಳಿ ಮಾಡಿ ತಿಂದೆವು.

ಅಡುಗೆಗೆ ಹೂ ಬಿಟ್ಟು ಮೂರು ವಾರದೊಳಗೆ ಕೊಯ್ಯುತ್ತೇವೆ. ಬೀಜಕ್ಕೆ ಅದು ಸಾಲದು, ಐವತ್ತೈದು–ಅರುವತ್ತು ದಿನ ಬೇಕು. ಕಾಯಿ ಪೂರ್ತಿ ಹಳದಿಯಾಗಿ ಹೊಳಪು ಕಳೆದುಕೊಳ್ಳಬೇಕು. ಲೆಕ್ಕ ಹಾಕಿದರೆ ಜೂನ್ ಮೊದಲ ವಾರ. ರೋಹಿಣಿ ಮಳೆ ಒಂದೆರಡು ಬಂದರೂ ನಡುವೆ ಬಿಸಿಲು ಸಿಕ್ಕೀತು ಎಂದುಕೊಂಡಿದ್ದೆ.

ಆದರೆ 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, ನಮ್ಮ ಕರಾವಳಿಗೂ ಜೊತೆಜೊತೆಗೇ. ಅಂದೇ ಹತ್ತನಾವಧಿ, ಬೇಸ ತಿಂಗಳ ಹತ್ತನೆಯ ದಿನ. ಹತ್ತನಾವಧಿಗೆ ಹತ್ತು ಹನಿಯಾದರೂ ಬೀಳಬೇಕು ಎಂದು ಹಿರಿಯರು ಹೇಳುವುದುಂಟು. ಈ ಸಲ ಅದು ಹತ್ತು ಹನಿಗೆ ನಿಲ್ಲಲಿಲ್ಲ. ಮೂರು ದಿನದಲ್ಲಿ ಗಿಡದ ಬುಡ ಕೆಸರಾಯಿತು. ಆರು ಕಾಯಲ್ಲಿ ಎರಡರ ಮೇಲೆ ಒಳಗೆ ಕುಸಿದ ಕಂದು ಕಲೆ, ಕಲೆಯೊಳಗೆ ಬಳೆಯಾಕಾರದಲ್ಲಿ ಸೂಜಿಮೊನೆಯಷ್ಟು ಕರಿ ಚುಕ್ಕಿ. ಇದು ಕಾಯಿ ಕೊಳೆ. ಬೀಜದ ಮೂಲಕವೂ ದಾಟುತ್ತದೆ. ಅವೆರಡನ್ನೂ ಮನಸ್ಸು ಗಟ್ಟಿ ಮಾಡಿ ಹೂತೆ. ಉಳಿದ ನಾಲ್ಕಕ್ಕೆ ಆಗಿದ್ದದ್ದು ನಲವತ್ತೈದು ದಿನದ ಆಸುಪಾಸು. ಹೊಟ್ಟೆ ಹಳದಿ, ತೊಟ್ಟಿನ ಕಡೆ ಇನ್ನೂ ಹಸಿರು.

ಬಿಟ್ಟರೆ ಕೊಳೆಯುತ್ತದೆ, ಕೊಯ್ದರೆ ಬಲಿತಿಲ್ಲ. ಆಗ ಅಮ್ಮ, “ಕೊಯ್ದು ತಾ. ಬೀಜ ಈಗಲೇ ತೆಗೀಬೇಡ. ಒಲೆ ಮೇಲೆ ತೂಗುಹಾಕು,” ಎಂದಳು. ಕೊಯ್ದ ಮೇಲೂ ಬದನೆಯ ಒಳಗೆ ಬೀಜ ಬಲಿಯುತ್ತಾ ಹೋಗುತ್ತದೆ. ಕಾಯಿಯೊಳಗೆ ಉಳಿದಿರಬೇಕು, ಕೊಳೆಯಬಾರದು, ಅಷ್ಟೆ. ತೊಟ್ಟಿನ ಜೊತೆ ಬೆರಳುದ್ದ ಕಡ್ಡಿ ಬಿಟ್ಟು ಕೊಯ್ದು, ಒರೆಸಿ, ಒಂದಕ್ಕೊಂದು ತಾಗದ ಹಾಗೆ ಬಾಳೆನಾರಿನಲ್ಲಿ ಕಟ್ಟಿ, ಅಡುಗೆ ಒಲೆಯಿಂದ ಆಳೆತ್ತರದ ಮೇಲೆ ತೂಗುಹಾಕಿದೆ. ಕೈಯೊಡ್ಡಿದರೆ ಬೆಚ್ಚಗೆ ಅನಿಸಬೇಕು, ಬಿಸಿ ಅನಿಸಬಾರದು. ಹನ್ನೆರಡು ದಿನದಲ್ಲಿ ನಾಲ್ಕೂ ಅರಸಿನ ಬಣ್ಣಕ್ಕೆ ತಿರುಗಿ, ಸುಕ್ಕಾಗಿ, ಒತ್ತಿದರೆ ಮೆತ್ತಗಾದವು.

ಉದ್ದಕ್ಕೆ ಸೀಳಿ ಬಕೆಟ್ಟಿನ ನೀರಿನಲ್ಲಿ ತಿರುಳನ್ನು ಕಿವುಚಿದೆ. ತಿರುಳು ತೇಲಿತು, ಜೊಳ್ಳು ತೇಲಿತು, ಗಟ್ಟಿ ಬೀಜ ತಳ ಸೇರಿತು. ಒಂದು ರಾತ್ರಿ ನೆನೆಸಿಟ್ಟು ತೊಳೆಯುವವರಿದ್ದಾರೆ. ನಾನು ಆಗಲೇ ತೊಳೆದೆ, ಆ ಸೆಕೆಯಲ್ಲಿ ನೀರಲ್ಲಿ ಬಿಟ್ಟರೆ ಮೊಳಕೆಯ ಆಸೆ ಹುಟ್ಟಿಬಿಡುತ್ತದೆ ಎಂಬ ಭಯ. ನಾಲ್ಕು ನೀರು ಬದಲಿಸಿ ಬಟ್ಟೆಯಲ್ಲಿ ಸೋಸಿ, ಗೆರಸೆಯ ಮೇಲೆ ಪಂಚೆ ಹಾಸಿ ತೆಳ್ಳಗೆ ಹರಡಿ, ರಾತ್ರಿಯಿಡೀ ಫ್ಯಾನ್ ಹಾಕಿದೆ. ಕಾಗದದ ಮೇಲೆ ಹರಡಬೇಡಿ, ಅಂಟಿಕೊಂಡರೆ ಕೆರೆಯುವಾಗ ಸಿಪ್ಪೆ ಹೋಗುತ್ತದೆ.

ಎರಡು ದಿನ ಕಳೆದು ಮುಟ್ಟಿದರೆ ಒಣಗಿದ ಹಾಗೇ ಇತ್ತು. ಮಳೆಗಾಲದ ಒಣಗು ಅದು, ನಂಬಬಾರದು. ಒಂದಿಷ್ಟು ಬೀಜವನ್ನು ಒಣ ಪುಡಿ ಉಪ್ಪಿನ ಜೊತೆ ಗಾಜಿನ ಬಾಟ್ಲಿಗೆ ಹಾಕಿ ಮುಚ್ಚಿಟ್ಟು ಸ್ವಲ್ಪ ಹೊತ್ತಿನ ಮೇಲೆ ಅಲುಗಿಸಿದೆ. ಉಪ್ಪು ಗಾಜಿಗೆ ಅಂಟಿತು. ಅಂದರೆ ಒಳಗೆ ನೀರಿದೆ. ಬಿಸಿಲಿಲ್ಲ, ಒಲೆಯ ಮೇಲಿಟ್ಟರೆ ಹಸಿ ಬೀಜ ಬೆಂದೀತು.

ಕೊನೆಗೆ ಅಕ್ಕಿ ಕೆಲಸಕ್ಕೆ ಬಂತು. ಎರಡು ಹಿಡಿ ಬೆಳ್ತಿಗೆ ಅಕ್ಕಿಯನ್ನು ಸಣ್ಣ ಉರಿಯಲ್ಲಿ ಕೆಂಪೇರುವ ತನಕ ಹುರಿದು, ಬಿಸಿಯಿರುವಾಗಲೇ ಬಾಟ್ಲಿಗೆ ಹಾಕಿ ಬಿಗಿಯಾಗಿ ಮುಚ್ಚಿ ಪೂರ್ತಿ ತಣಿಯಲು ಬಿಟ್ಟೆ. ತೆರೆದಿಟ್ಟು ತಣಿಸಿದರೆ ಅಕ್ಕಿ ಅಷ್ಟರಲ್ಲೇ ಗಾಳಿಯ ತೇವ ಕುಡಿದಿರುತ್ತದೆ. ಆಮೇಲೆ ಬೀಜವನ್ನು ಬಟ್ಟೆಯ ಪೊಟ್ಟಣ ಕಟ್ಟಿ ಅಕ್ಕಿಯ ನಡುವೆ ಹೂತೆ. ಮಗ ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ತರಿಸಿಕೊಟ್ಟಿದ್ದ. ಒಳಗಿಡುವಾಗ ಒಂಬತ್ತು ಗ್ರಾಂ. ಮೂರು ದಿನಕ್ಕೆ 8.6. ಹೊಸದಾಗಿ ಅಕ್ಕಿ ಹುರಿದು ಬದಲಿಸಿದೆ, 8.4. ಮತ್ತೊಮ್ಮೆ ಬದಲಿಸಿದರೂ ತೂಕ ಇಳಿಯಲಿಲ್ಲ. ಉಪ್ಪೂ ಅಂಟಲಿಲ್ಲ. ಗಾಜಿನಲ್ಲಿ ಅಲುಗಿಸಿದರೆ ಮರಳಿನ ಸದ್ದು.

ಮೂರು ಪಾಲು ಮಾಡಿದೆ. ಒಂದು ನಮ್ಮ ಮನೆಗೆ, ಒಂದು ಅಕ್ಕನ ಮನೆಗೆ, ಒಂದು ಹೈಬ್ರಿಡ್ ಬೆಳೆಯುವ ಅದೇ ಪಕ್ಕದವರಿಗೆ. ಅವರಿಗೆ ಫ್ರಿಜ್ ಇದೆ, ಜಾಗ್ರತೆಯೂ ಇದೆ.

ತಾಳ್ಮೆ ನನಗಿರಲಿಲ್ಲ. ಜೂನ್ ಕೊನೆಗೇ ಇಪ್ಪತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಎರಡು ವಾರಕ್ಕೆ ಮೊಳೆತದ್ದು ಎರಡೇ ಎರಡು. ಆ ರಾತ್ರಿ ಊಟ ರುಚಿಸಲಿಲ್ಲ. ಆದರೆ ಹೊಸ ಬದನೆ ಬೀಜಕ್ಕೆ ಒಂದೆರಡು ತಿಂಗಳ ನಿದ್ದೆ ಇರುತ್ತದೆ, ಜೀವ ಇದ್ದರೂ ಏಳುವುದಿಲ್ಲ. ಆಗಸ್ಟ್ ಕೊನೆಯಲ್ಲಿ ಮತ್ತೆ ಇಪ್ಪತ್ತು ಇಟ್ಟಾಗ ಹದಿನಾಲ್ಕು ಎದ್ದವು. ಪೂರ್ತಿ ಬಲಿತ ಹಣ್ಣಿನ ಬೀಜವಾಗಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತೇನೋ.

ಸೆಪ್ಟೆಂಬರ್ ಕೊನೆಗೆ, ಹಿಂದೆಂದೂ ಬದನೆ, ಮೆಣಸು, ಟೊಮೆಟೊ ಹಾಕದ ಬಾಕಿಮಾರು ಗದ್ದೆಯ ಮೂಲೆಯಲ್ಲಿ ಮಡಿ ಮಾಡಿದೆ. ಮೂವತ್ತೊಂದು ಸಸಿ ಬಂದವು. ನಮ್ಮ ಬದನೆಯ ಎಳೆ ಸಸಿಯ ಕಾಂಡ ಅಪ್ಪಟ ಹಸಿರು. ನೇರಳೆ ತಳಿಯ ಪರಾಗ ಬೆರೆತಿದ್ದರೆ ಎರಡೆಲೆಯಲ್ಲೇ ಕಾಂಡಕ್ಕೆ ನೇರಳೆ ಛಾಯೆ ಬರುತ್ತದೆ, ಕಾಯಿಯಾಗುವ ತನಕ ಕಾಯಬೇಕಾಗಿಲ್ಲ. ಕುಕ್ಕುರುಗಾಲಿನಲ್ಲಿ ಕೂತು ಒಂದೊಂದನ್ನೇ ನೋಡುತ್ತಾ ಹೋದೆ. ಮೂವತ್ತು ಹಸಿರು. ಒಂದು ನೇರಳೆ. ಯಾವುದೋ ಒಂದು ಚೀಲದ ಗಂಟು ಸಡಿಲಾಗಿತ್ತು ಅಂತ ಕಾಣುತ್ತದೆ.

ಅದನ್ನು ಕಿತ್ತು ಅಂಚಿಗೆ ಎಸೆದೆ. ಸಂಜೆ ನೋಡಿದರೆ ಅಮ್ಮ ಅದನ್ನು ಬಚ್ಚಲ ನೀರು ಹರಿಯುವ ಕಡೆ ನೆಟ್ಟು ಮೇಲೆ ತೆಂಗಿನ ಗರಿ ಮುಚ್ಚಿದ್ದಳು.

“ಬೀಜಕ್ಕೆ ಬೇಡ ಅಂತಾದ್ರೆ ಬೇಡ. ಹುಳಿಗೆ ಆಗ್ತದಲ್ಲ?”