ಒಂದು ಬಾಟಲಿ ನಿಂಬೆ ಉಪ್ಪಿನಕಾಯಿಗೆ ನಿಜವಾಗಿ ಎಷ್ಟು ಖರ್ಚು?

ಮನೆಯಲ್ಲಿ ಉಪ್ಪಿನಕಾಯಿ ಮಾಡಿ ಮಾರಲು ಆರಂಭಿಸಿದಾಗ ನನ್ನ ಲೆಕ್ಕ ಬಹಳ ಸರಳವಾಗಿತ್ತು. ಕೊಂಡ ಸಾಮಾನನ್ನೆಲ್ಲ ಕೂಡಿಸುವುದು, ಅದರಿಂದ ಎಷ್ಟು ಬಾಟಲಿ ಆಗಬೇಕೋ ಅಷ್ಟರಿಂದ ಭಾಗಿಸುವುದು, ಖಾಲಿ ಬಾಟಲಿಯ ಬೆಲೆ ಸೇರಿಸಿ ಅದರ ಮೇಲೆ ಲಾಭ ಇಡುವುದು. ಮಾಲು ಖರ್ಚಾಗುತ್ತಿತ್ತು, ಆದರೆ ಮುಂದಿನ ಸಲದ ನಿಂಬೆಹಣ್ಣು ಕೊಳ್ಳುವಾಗ ಕೈಯಲ್ಲಿ ಇರಬೇಕಾದಷ್ಟು ಹಣ ಇರುತ್ತಿರಲಿಲ್ಲ. ಅದು ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಒಂದು ಸಲ ಹಣ್ಣು ಮನೆಗೆ ಬಂದ ಕ್ಷಣದಿಂದ ಕೊನೆಯ ಬಾಟಲಿಗೆ ಲೇಬಲ್ ಅಂಟಿಸುವವರೆಗೆ ಎಲ್ಲವನ್ನೂ ತೂಗಿ, ಗಡಿಯಾರ ನೋಡಿ ಬರೆದಿಟ್ಟೆ. ಇಲ್ಲಿರುವುದು ಆ ಲೆಕ್ಕವೇ. ದರಗಳು ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲವಾದ್ದರಿಂದ ಸಾಮಗ್ರಿಗೆ ಕೊಟ್ಟ ಹಣವನ್ನು 1000 ಎಂದು ಹಿಡಿದು, ಉಳಿದ ಖರ್ಚುಗಳನ್ನು ಅದೇ ಅಳತೆಯಲ್ಲಿ ಹೇಳುತ್ತೇನೆ.

ನಿಂಬೆಹಣ್ಣು 10 ಕಿಲೋ, ಉಪ್ಪು 1.8 ಕಿಲೋ, ಮೆಣಸಿನ ಪುಡಿ 900 ಗ್ರಾಂ, ಸಾಸಿವೆ ಮತ್ತು ಮೆಂತ್ಯ ಸೇರಿ 300 ಗ್ರಾಂ, ಎಣ್ಣೆ 1.5 ಕಿಲೋ. ಒಟ್ಟು 14.5 ಕಿಲೋ. 250 ಗ್ರಾಂ ಬಾಟಲಿಗಳಲ್ಲಿ 58 ಆಗಬೇಕು. ಹಾಗೆ ನೋಡಿದರೆ ಒಂದು ಬಾಟಲಿಯ ಸಾಮಗ್ರಿಗೆ ಸುಮಾರು 17. ನನ್ನ ಹಳೆಯ ಲೆಕ್ಕ ಇಲ್ಲಿಗೆ ನಿಲ್ಲುತ್ತಿತ್ತು.

ತಕ್ಕಡಿ ಬೇರೆಯದನ್ನೇ ಹೇಳಿತು. ಮೆತ್ತಗಾದ, ಕಲೆ ಬಿದ್ದ ಹಣ್ಣುಗಳನ್ನು ಆರಿಸಿ ತೆಗೆದು, ತೊಟ್ಟಿನ ಭಾಗ ಕತ್ತರಿಸಿ, ಕಹಿಯಾಗದಿರಲೆಂದು ಬೀಜ ಉದುರಿಸಿದ ಮೇಲೆ ಉಳಿದ ಹೋಳು 9 ಕಿಲೋ. ಭರಣಿಯಲ್ಲಿ ಕಳಿಯುವಾಗ ಆರಿದ ತೇವ, ಪಾತ್ರೆಗೂ ಸೌಟಿಗೂ ಅಂಟಿಕೊಂಡ ಮಸಾಲೆ ಮತ್ತು ಎಣ್ಣೆ ಕಳೆದು ಕೊನೆಗೆ ತುಂಬಲು ಸಿಕ್ಕಿದ್ದು 13 ಕಿಲೋ. ಅಂದರೆ 52 ಬಾಟಲಿ ಆಗಬೇಕಿತ್ತು, ಆದದ್ದು 49.

ಆ ಮೂರು ಬಾಟಲಿ ಎಲ್ಲಿ ಹೋದವು ಎಂದು ಹುಡುಕಲು ತುಂಬಿದ ಬಾಟಲಿಗಳನ್ನೇ ಮತ್ತೆ ತೂಗಿದೆ. ಖಾಲಿ ಬಾಟಲಿಯ ತೂಕ ಕಳೆದರೆ ಒಂದೊಂದರಲ್ಲಿಯೂ ಸರಾಸರಿ 262 ಗ್ರಾಂ ಇತ್ತು. ಕಣ್ಣಳತೆಯಲ್ಲಿ ಕುತ್ತಿಗೆಯವರೆಗೆ ತುಂಬಿ, ಮೇಲೆ ಎಣ್ಣೆ ನಿಲ್ಲಬೇಕೆಂದು ಇನ್ನೊಂದು ಚಮಚ ಸುರಿಯುತ್ತಿದ್ದೆ. 12 ಗ್ರಾಂ ಕೈಗೆ ತಿಳಿಯುವುದೇ ಇಲ್ಲ. ಉಳಿದ 49ರಲ್ಲಿ ಒಂದರ ಮುಚ್ಚಳ ರಾತ್ರಿಯೆಲ್ಲ ತಲೆಕೆಳಗಾಗಿ ಇಟ್ಟಾಗ ಎಣ್ಣೆ ಜಿನುಗಿಸಿತು; ಇನ್ನೊಂದನ್ನು ಆ ಸಲದ ಮಾದರಿಯಾಗಿ ಎತ್ತಿಟ್ಟೆ. ಮಾರಾಟಕ್ಕೆ ಉಳಿದದ್ದು 47. ಭಾಗಿಸಬೇಕಾದ ಸಂಖ್ಯೆ ಇದು, 58 ಅಲ್ಲ. 1000ವನ್ನು 47ರಿಂದ ಭಾಗಿಸಿದರೆ ಸಾಮಗ್ರಿಯ ಪಾಲು 21.3. ನಷ್ಟವನ್ನು ಬೇರೆ ಸಾಲಿನಲ್ಲಿ ಶೇಕಡಾವಾರು ಸೇರಿಸುವುದಕ್ಕಿಂತ ಹೀಗೆ ಭಾಗಿಸುವುದೇ ಸರಿ ಎಂದು ನನಗೆ ಅನ್ನಿಸಿದೆ. ಯಾವ ನಷ್ಟವೂ ಮರೆತುಹೋಗುವುದಿಲ್ಲ, ಯಾವುದೂ ಎರಡು ಸಲ ಸೇರುವುದೂ ಇಲ್ಲ.

ಪ್ಯಾಕಿಂಗ್‌ಗೂ ಇದೇ ಕ್ರಮ. ಬಾಟಲಿ, ಮುಚ್ಚಳ, ಲೇಬಲ್ ಮತ್ತು ರಟ್ಟಿನ ಪೆಟ್ಟಿಗೆಯ ಪಾಲು ಸೇರಿ ಒಂದಕ್ಕೆ 9. ತುಂಬಿದ್ದು 49, ಬರುವಾಗಲೇ ಒಡೆದದ್ದು 2. ಹೀಗೆ 51ಕ್ಕೆ ಕೊಟ್ಟ ಹಣ 459. 47ರಿಂದ ಭಾಗಿಸಿದರೆ 9.8.

ಗ್ಯಾಸ್ ಬಗ್ಗೆ ನನ್ನ ಊಹೆ ಪೂರ್ತಿ ತಪ್ಪಾಗಿತ್ತು. ಅದನ್ನು ಅಳೆಯುವುದು ಸುಲಭ: ಕೆಲಸಕ್ಕೆ ಮೊದಲು ಮತ್ತು ನಂತರ ಸಿಲಿಂಡರನ್ನು ತೂಗಿ, ಕಡಿಮೆಯಾದ ತೂಕವನ್ನು ಒಂದು ಕಿಲೋ ಗ್ಯಾಸಿನ ದರದಿಂದ ಗುಣಿಸಿದರೆ ಆಯಿತು. ಬಾಟಲಿ ಕುದಿಸುವ ಮೊದಲೂ ಒಮ್ಮೆ ತೂಗಿದ್ದರಿಂದ ಯಾವ ಕೆಲಸಕ್ಕೆ ಎಷ್ಟು ಹೋಯಿತೆಂದು ತಿಳಿಯಿತು. ಒಟ್ಟು 550 ಗ್ರಾಂನಲ್ಲಿ 380 ಗ್ರಾಂ ಬಾಟಲಿ ಕುದಿಸುವುದಕ್ಕೇ ಹೋಗಿತ್ತು. ಮಸಾಲೆ ಹುರಿಯಲು, ಎಣ್ಣೆ ಕಾಯಿಸಲು ಉಳಿದ 170 ಗ್ರಾಂ ಸಾಕಾಗಿತ್ತು. ಹಣದಲ್ಲಿ ಎಲ್ಲ ಸೇರಿ 28, ಒಂದು ಬಾಟಲಿಗೆ 0.6. ಗ್ಯಾಸ್ ಉಳಿಸಬೇಕೆಂದು ನಾನು ಪಡುತ್ತಿದ್ದ ಚಿಂತೆಗೆ ಹೋಲಿಸಿದರೆ ಈ ಮೊತ್ತ ಬಹಳ ಸಣ್ಣದು.

ದೊಡ್ಡ ಮೊತ್ತ ಇದ್ದದ್ದು ನನ್ನ ಹೊತ್ತಿನಲ್ಲಿ. ಮೊದಲು ಯಾರಾದರೂ ಕೇಳಿದರೆ ಆರು ಗಂಟೆಯ ಕೆಲಸ ಎನ್ನುತ್ತಿದ್ದೆ. ಬರೆದಿಟ್ಟಾಗ ತಿಳಿದದ್ದು ಹೀಗೆ: ಸಾಮಾನು ತರುವುದಕ್ಕೆ 90 ನಿಮಿಷ, ಹಣ್ಣು ಆರಿಸಿ, ತೊಳೆದು, ಒಂದೊಂದನ್ನೂ ಒರೆಸುವುದಕ್ಕೆ 75, ಕತ್ತರಿಸಿ ಬೀಜ ತೆಗೆಯುವುದಕ್ಕೆ 160, ಮಸಾಲೆ ಹುರಿದು ಪುಡಿ ಮಾಡಲು 50, ಕಲಸಲು 30, ದಿನಕ್ಕೆ ಐದು ನಿಮಿಷದಂತೆ 20 ದಿನ ಭರಣಿ ತಿರುವಲು 100, ಬಾಟಲಿ ತೊಳೆದು, ಕುದಿಸಿ, ಒಣಗಿಸಲು 90, ತುಂಬಿ ಅಂಚು ಒರೆಸಲು 120, ಲೇಬಲ್‌ಗೆ 50, ಕೊನೆಗೆ ಪಾತ್ರೆ, ಅಡುಗೆಮನೆ ಶುಚಿ ಮಾಡಲು 60. ಒಟ್ಟು 825 ನಿಮಿಷ, ಅಂದರೆ 13 ಮುಕ್ಕಾಲು ಗಂಟೆ. ದಿನದ ಐದು ನಿಮಿಷವನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ. ಆದರೆ ಕೂಡಿಸಿದಾಗ ಅದು ಮಸಾಲೆಯ ಕೆಲಸಕ್ಕಿಂತ ಇಮ್ಮಡಿಯಾಯಿತು.

ಕೂಲಿಯ ದರಕ್ಕೆ ನಾನು ಇಟ್ಟುಕೊಂಡ ಅಳತೆ ಒಂದೇ: ಇದೇ ಕೆಲಸಕ್ಕೆ ಬೇರೆಯವರನ್ನು ಕರೆದರೆ ಏನು ಕೊಡಬೇಕು? ನಮ್ಮ ಅಳತೆಯಲ್ಲಿ ಅದು ಗಂಟೆಗೆ 60. ಹಾಗಾಗಿ 825 ನಿಮಿಷಕ್ಕೆ 825, ಒಂದು ಬಾಟಲಿಗೆ 17.6.

ಎಲ್ಲ ಕೂಡಿಸಿದರೆ 49ರ ಸ್ವಲ್ಪ ಮೇಲೆ. ಇದಕ್ಕೆ ಇನ್ನೊಂದು ತಿದ್ದುಪಡಿ ಬೇಕು. ಹಿಂದಿನ ಬ್ಯಾಚುಗಳ ಟಿಪ್ಪಣಿಯಲ್ಲಿ ಸುಮಾರು 400 ಬಾಟಲಿಗೆ 12 ಬಾಟಲಿ ಬೂಷ್ಟು ಬಂದೋ ಸಾಗಣೆಯಲ್ಲಿ ಒಡೆದೋ ಹಾಳಾಗಿದ್ದವು, ಶೇಕಡಾ 3. ಬೂಷ್ಟು ಬಂದವುಗಳಲ್ಲಿ ಹೆಚ್ಚಿನವು ಒಂದೇ ದಿನ ತುಂಬಿದವು. ಅಂದು ಬಾಟಲಿಯ ತಳದಲ್ಲಿ ತೇವ ಇದ್ದದ್ದನ್ನು ನಾನು ಗಮನಿಸಿರಲಿಲ್ಲ. 49.2ನ್ನು 0.97ರಿಂದ ಭಾಗಿಸಿದಾಗ 50.7 ಬಂತು. ಮಿಕ್ಸಿಯ ವಿದ್ಯುತ್ತು, ಪಾತ್ರೆಗಳ ಸವಕಲು ಇದರಲ್ಲಿಲ್ಲ. ಅವಕ್ಕೆ ಒಂದು ಸಣ್ಣ ಮೊತ್ತವನ್ನು ಪ್ರತಿ ಸಲ ಬೇರೆ ಇಡುತ್ತೇನೆ.

ನಾನು ಮಾರುತ್ತಿದ್ದದ್ದು 40ಕ್ಕೆ. ಹಳೆಯ ಲೆಕ್ಕದಲ್ಲಿ 17 ಮತ್ತು 9, ಒಟ್ಟು 26 ಖರ್ಚು. 14 ಲಾಭ ಎಂದುಕೊಂಡಿದ್ದೆ. ನಿಜದಲ್ಲಿ ಸಾಮಗ್ರಿ, ಪ್ಯಾಕಿಂಗ್, ಗ್ಯಾಸ್ ಸೇರಿಯೇ 31.7 ಆಗುತ್ತಿತ್ತು. ಉಳಿದ 8.3ನ್ನು 47 ಬಾಟಲಿಗೆ ಗುಣಿಸಿ ಗಂಟೆಗಳಿಗೆ ಹಂಚಿದರೆ ಗಂಟೆಗೆ 28. ಬೇರೆಯವರಿಗೆ ಕೊಡಬೇಕಾದ ಕೂಲಿಯ ಅರ್ಧವೂ ನನಗೆ ಸಿಗುತ್ತಿರಲಿಲ್ಲ. ಆ ಸಾಲನ್ನು ಬರೆದ ದಿನ ನನಗೆ ನಿಜಕ್ಕೂ ನೋವಾಯಿತು.

ಬೆಲೆ ಏರಿಸುವ ಮೊದಲು ಎರಡು ವಿಷಯ ಸರಿಮಾಡಿದೆ. ಮೊದಲನೆಯದು, ತುಂಬುವುದು ತಕ್ಕಡಿಯ ಮೇಲೆಯೇ. ಗಾಜಿನ ಬಾಟಲಿಗಳ ತೂಕ ಒಂದರಂತೆ ಒಂದು ಇರುವುದಿಲ್ಲವಾದ್ದರಿಂದ ಪ್ರತಿ ಬಾಟಲಿಯನ್ನೂ ಇಟ್ಟು, ತಕ್ಕಡಿಯನ್ನು ಸೊನ್ನೆಗೆ ತಂದು, 253 ಗ್ರಾಂಗೆ ನಿಲ್ಲಿಸುತ್ತೇನೆ. ಲೇಬಲ್ ಮೇಲಿನ 250ಕ್ಕಿಂತ ಕಡಿಮೆ ಎಂದೂ ಆಗಬಾರದು, ಅದಕ್ಕೇ ಆ ಮೂರು ಗ್ರಾಂ. ಅಷ್ಟೇ 13 ಕಿಲೋದಲ್ಲಿ ಎರಡು ಬಾಟಲಿ ಹೆಚ್ಚು ಸಿಕ್ಕಿ, ಒಂದೊಂದರ ಖರ್ಚು ಸುಮಾರು 1.6 ಇಳಿಯಿತು. ಇಡೀ ಗ್ಯಾಸಿನ ಪಾಲಿಗಿಂತ ಇದು ಎರಡೂವರೆ ಪಟ್ಟು ಹೆಚ್ಚು.

ಎರಡನೆಯದು, ಒಂದು ಸಲಕ್ಕೆ 20 ಕಿಲೋ ಹಣ್ಣು ಹಾಕತೊಡಗಿದೆ. ಸಾಮಾನು ತರುವುದು, ಭರಣಿ ತಿರುವುವುದು, ಶುಚಿ ಮಾಡುವುದು ಇವು ಇಮ್ಮಡಿ ಆಗುವುದಿಲ್ಲ. ಕೂಲಿಯ ಪಾಲು 17.6ರಿಂದ 15ರ ಆಸುಪಾಸಿಗೆ ಬಂತು. ಅದಕ್ಕಿಂತ ಮೇಲೆ ಹೋಗಲು ಪ್ರಯತ್ನಿಸಿ ಬಿಟ್ಟೆ. ಅಷ್ಟು ಹಣ್ಣನ್ನು ಒಂದೇ ದಿನ ಪೂರ್ತಿ ಒರೆಸಿ ಮುಗಿಸಲಾಗದೆ ತೇವ ಉಳಿಯುತ್ತದೆ, ಬೂಷ್ಟು ಮರಳಿ ಬರುತ್ತದೆ.

ಕತ್ತರಿಸುವ ಹೊತ್ತು ಮಾತ್ರ ಹಣ್ಣು ಹೆಚ್ಚಿದಷ್ಟೂ ಹೆಚ್ಚುತ್ತದೆ. ಬೆಲೆಯನ್ನು 58 ಮಾಡಿದ ಮೇಲೆ ಆ ಕೆಲಸಕ್ಕೆ ನೆರೆಮನೆಯವರೊಬ್ಬರನ್ನು ಕರೆದೆ. ಗಂಟೆಗೆ 60ರಂತೆ ಕೊಡುತ್ತೇನೆ. ಪುಸ್ತಕದಲ್ಲಿ ಕೂಲಿಯ ಸಾಲು ಮೊದಲೇ ಇದ್ದುದರಿಂದ ಬಾಟಲಿಯ ಬೆಲೆಯನ್ನು ಮುಟ್ಟಬೇಕಾಗಲಿಲ್ಲ.