ಎಂಜಿನ್ ನಿಂತ ಬೆಳಗಿನ ವರದಿ ಬರೆದದ್ದು

ಮೀನುಗಾರಿಕೆ ಬೋಟು ನಡೆಸುವ ತಾಂಡೇಲ ನಾನು; ದಡ ಸೇರಿದ ಸಂಜೆಯೇ ವರದಿ ಬರೆಯಲು ಕೂತೆ. ಒಂದು ಪ್ರತಿ ಬೋಟಿನ ಧಣಿಗೆ, ಒಂದು ಕರಾವಳಿ ಕಾವಲಿನವರಿಗೆ. ಧಣಿ ಫೋನಿನಲ್ಲಿ, "ಎಂಜಿನ್ ಇದ್ದಕ್ಕಿದ್ದಂತೆ ಕೆಟ್ಟಿತು ಅಂತ ಬರೆದರೆ ಸಾಕಲ್ಲ ತಾಂಡೇಲ?" ಅಂದರು. ಸಾಕಾಗುವುದಿಲ್ಲ ಅಂದೆ, ಯಾಕೆಂದರೆ ಅದು ಇದ್ದಕ್ಕಿದ್ದಂತೆ ಕೆಟ್ಟದ್ದಲ್ಲ.

ಬೆಳಗಿನ ಜಾವ 4:10ಕ್ಕೆ ಎಂಜಿನ್ ಸದ್ದು ಏರಿಳಿಯತೊಡಗಿತು. ಎರಡು ನಿಮಿಷ ಹಾಗೇ ಎಳೆದಾಡಿ ನಿಂತುಹೋಯಿತು. ಸ್ಟಾರ್ಟರ್ ಒತ್ತಿದರೆ ಚೆನ್ನಾಗಿಯೇ ತಿರುಗುತ್ತಿತ್ತು, ಆದರೆ ಹೊಗೆಕೊಳವೆಯಲ್ಲಿ ಹೊಗೆಯ ಸುಳಿವೇ ಇಲ್ಲ. ತಿರುಗುತ್ತಿದೆ ಎಂದರೆ ಜಾಮ್ ಆಗಿಲ್ಲ. ಹೊಗೆ ಇಲ್ಲ ಎಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಟಾರ್ಚ್ ಹಿಡಿದು ಫಿಲ್ಟರಿನ ಕೆಳಗಿನ ಗಾಜಿನ ಬಟ್ಟಲು ನೋಡಿದೆ. ಹಳದಿ ಡೀಸೆಲ್ ಮೇಲೆ, ಅದರಡಿ ಎರಡು ಬೆರಳು ದಪ್ಪ ನೀರು, ನೀರಿನ ತಳದಲ್ಲಿ ಕಪ್ಪು ಲೋಳೆ.

ನೀರು ಬಸಿದು, ಹೊಸ ಫಿಲ್ಟರ್ ಹಾಕಿ, ಡೀಸೆಲ್ ಕೊಳವೆಯಲ್ಲಿ ಸೇರಿದ್ದ ಗಾಳಿ ತೆಗೆದೆವು. ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತಾ ಹೋದರೆ ಮೊದಲು ನೊರೆ ಬರುತ್ತದೆ. ಗುಳ್ಳೆ ಇಲ್ಲದ ಡೀಸೆಲ್ ಹರಿಯುವವರೆಗೂ ಬಿಡಬಾರದು. ಎಂಜಿನ್ ಹಿಡಿಯಿತು, ಏಳು ನಿಮಿಷ ಓಡಿತು, ಮತ್ತೆ ನಿಂತಿತು. ಬಟ್ಟಲಿನಲ್ಲಿ ಮತ್ತೆ ನೀರು. ಅಲೆಯ ಕುಲುಕಾಟಕ್ಕೆ ಟ್ಯಾಂಕಿನ ತಳದ ನೀರೆಲ್ಲ ಕಲಕಿ ಮೇಲೆದ್ದಿತ್ತು. ಇನ್ನೆಷ್ಟು ಫಿಲ್ಟರ್ ಹಾಕಿದರೂ ಅಷ್ಟೇ. ಇನ್ನು ಯಾರೂ ಸ್ಟಾರ್ಟರ್ ಒತ್ತಬಾರದು ಎಂದು ಹುಡುಗರಿಗೆ ಹೇಳಿದೆ. ರೇಡಿಯೊಗೂ ಅದೇ ಬ್ಯಾಟರಿ.

5:05ಕ್ಕೆ ರೇಡಿಯೊದ ತುರ್ತು ಕರೆಯ ಚಾನೆಲ್ 16ರಲ್ಲಿ, ನೆರವು ಬೇಕೆಂಬ ಕೂಗಾದ "ಪ್ಯಾನ್-ಪ್ಯಾನ್" ಮೂರು ಸಲ ಕೂಗಿ, ಬೋಟಿನ ಹೆಸರು, ನಾವಿರುವ ಜಾಗ, ಆರು ಜನ, ಎಂಜಿನ್ ಇಲ್ಲ, ನೀರು ಒಳಗೆ ಬರುತ್ತಿಲ್ಲ ಎಂದು ತಿಳಿಸಿದೆ. ಮೇಡೇ ಕೂಗಲಿಲ್ಲ. ಅದು ಪ್ರಾಣಕ್ಕೆ ಆಗಲೇ ಕುತ್ತು ಬಂದಾಗಿನ ಕೂಗು. ನಮಗೆ ಇನ್ನೂ ಹೊತ್ತಿತ್ತು. ಎಷ್ಟು ಹೊತ್ತು ಎಂಬುದು ಮಾತ್ರ ಆಗ ನನಗೆ ಗೊತ್ತಿರಲಿಲ್ಲ.

ಅದನ್ನು ತಿಳಿಯಲೆಂದೇ ಅರ್ಧ ಗಂಟೆಗೊಮ್ಮೆ ಜಿಪಿಎಸ್ ಅಂಕಿಗಳನ್ನು ಪುಸ್ತಕದಲ್ಲಿ ಬರೆದೆ. 4:30ರಿಂದ 6:30ರೊಳಗೆ ಅಕ್ಷಾಂಶ 2.4 ಮಿನಿಟ್ ದಕ್ಷಿಣಕ್ಕೆ ಸರಿದಿತ್ತು, ರೇಖಾಂಶ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅಕ್ಷಾಂಶದ ಒಂದು ಮಿನಿಟ್ ಅಂದರೆ ಒಂದು ನಾಟಿಕಲ್ ಮೈಲು, ಹಾಗಾಗಿ ಗಂಟೆಗೆ 1.2 ಮೈಲು ತೇಲುತ್ತಿದ್ದೆವು. ನೇರ ದಕ್ಷಿಣಕ್ಕೆ 6 ಮೈಲಿನಲ್ಲಿ ಬಂಡೆಸಾಲು. ಅಲ್ಲಿಗೆ ತೇಲಿಹೋಗಲು ಐದು ಗಂಟೆ, ಅಂದರೆ 11:30. ಲಂಗರು ಹಾಕೋಣವೆಂದರೆ ಆಳ 70 ಮೀಟರ್, ಹಗ್ಗ ಇದ್ದದ್ದು 100 ಮೀಟರ್. ಆಳದ ಮೂರು ಪಟ್ಟಾದರೂ ಬಿಡದಿದ್ದರೆ ಆ ಅಲೆಯಲ್ಲಿ ಲಂಗರು ಕಚ್ಚುವುದಿಲ್ಲ, ಕಿತ್ತು ಬರುತ್ತದೆ.

ಹಾಗಾಗಿ 7 ಗಂಟೆಗೆ ಬಲೆಯನ್ನೇ ಗಂಟು ಕಟ್ಟಿ ಬೋಟಿನ ಮುಂತುದಿಯಿಂದ ಉದ್ದ ಹಗ್ಗದಲ್ಲಿ ಬಿಟ್ಟೆವು. ಅದು ನೀರನ್ನು ಹಿಡಿದುಕೊಂಡದ್ದೇ ತಡ, ಅಡ್ಡಡ್ಡ ಬಿದ್ದು ಹೊರಳುತ್ತಿದ್ದ ಬೋಟು ಮೆಲ್ಲಗೆ ತಿರುಗಿ ಅಲೆಗೆ ಮುಖ ಕೊಟ್ಟಿತು. ತೇಲುವ ವೇಗ 0.6ಕ್ಕೆ ಇಳಿಯಿತು. ಉಳಿದ 5.4 ಮೈಲಿಗೆ ಈಗ ಒಂಬತ್ತು ಗಂಟೆ, ಸಂಜೆ 4ರವರೆಗೆ. ರೇಡಿಯೊದಲ್ಲಿ ಮತ್ತೆ ಕರೆದು ಆಗಿನ ಜಾಗವನ್ನೂ ಈ ಲೆಕ್ಕವನ್ನೂ ಹೇಳಿದೆ. 10:40ಕ್ಕೆ ಇನ್ನೊಂದು ಬೋಟು ಬಂದು ನಮ್ಮನ್ನು ಎಳೆದೊಯ್ದಿತು. ಅವರು ನೇರ ನಮ್ಮ ಬಳಿಗೇ ಬಂದದ್ದು ಆ ಎರಡನೇ ಕರೆಯಿಂದ. ಮೊದಲ ಕರೆಯ ಜಾಗ ಅಷ್ಟರಲ್ಲಿ ಹಿಂದೆ ಉಳಿದಿತ್ತು.

ವರದಿಯಲ್ಲಿ ಪುಸ್ತಕದ ಸಮಯಗಳನ್ನು ಹಾಗೆಯೇ ಇಳಿಸಿದೆ. ನೆನಪಿನಿಂದ ಬರೆದ ಕಡೆ "ಅಂದಾಜು" ಎಂದು ಸೇರಿಸಿದೆ. ನನ್ನ ತಪ್ಪಿಗೂ ಒಂದು ಸಾಲು ಕೊಟ್ಟೆ: "ಹೊರಡುವ ಮುನ್ನ ಫಿಲ್ಟರಿನ ಬಟ್ಟಲಿನಿಂದ ನೀರು ಬಸಿದಿರಲಿಲ್ಲ." ಆ ಸಾಲು ಬರೆಯದೆ ಬಿಟ್ಟಿದ್ದರೆ, ತೀರದ ಹತ್ತಿರವೇ ಕಾಣಬಹುದಿದ್ದ ನೀರು ಸಮುದ್ರದ ನಡುವೆ ಯಾಕೆ ಕಂಡಿತು ಎಂಬುದಕ್ಕೆ ವರದಿಯಲ್ಲಿ ಉತ್ತರವೇ ಇರುತ್ತಿರಲಿಲ್ಲ. ನೀರು ಟ್ಯಾಂಕಿಗೆ ಎಲ್ಲಿಂದ ಬಂತು ಎಂಬಲ್ಲಿ "ತಿಳಿದಿಲ್ಲ" ಎಂದಷ್ಟೇ ಬರೆದು, ಬಸಿದ ನೀರನ್ನು ಬಾಟಲಿಗೆ ತುಂಬಿ, ದಿನ-ಸಮಯದ ಚೀಟಿ ಅಂಟಿಸಿ ಧಣಿಗೆ ಕೊಟ್ಟೆ. ವರದಿ ಓದಿ ಅವರು ನನ್ನ ತಪ್ಪಿನ ಸಾಲಿನ ಮೇಲೆ ಬೆರಳಿಟ್ಟು ತುಸು ಹೊತ್ತು ಸುಮ್ಮನಿದ್ದರು, ಆಮೇಲೆ ಸಹಿ ಹಾಕಿದರು.

ಎರಡು ದಿನ ಬಿಟ್ಟು ಟ್ಯಾಂಕ್ ಬಿಚ್ಚಿಸಿದಾಗ ಡೆಕ್ಕಿನ ಮೇಲೆ ಡೀಸೆಲ್ ತುಂಬುವ ಮುಚ್ಚಳದ ರಬ್ಬರ್ ವಾಷರ್ ಸೀಳಿದ್ದು ಸಿಕ್ಕಿತು. ಅಲೆ ಡೆಕ್ಕಿಗೆ ಹೊಡೆದಾಗಲೆಲ್ಲ ಅಲ್ಲಿಂದ ಉಪ್ಪುನೀರು ಇಳಿದಿತ್ತು. ಹಳೆಯ ವರದಿಯನ್ನು ತಿದ್ದಲಿಲ್ಲ; ಬೇರೆ ಹಾಳೆಯಲ್ಲಿ ಆ ದಿನದ ತಾರೀಕು ಹಾಕಿ ಇದನ್ನು ಬರೆದು, ಎರಡೂ ಕಡೆ ತಲುಪಿಸಿದೆ.